ಹಳೆಯ ಫ್ಲ್ಯಾಟ್ ಕೊಳ್ಳುವಾಗ ಕರಾರಿನಲ್ಲಿ ಯಾವ ಯಾವ ಷರತ್ತು ಬರೆಸಬೇಕು?

ಬನಶಂಕರಿ ವಾಸಿ
ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದಲ್ಲಿ ಒಂದು ಫ್ಲ್ಯಾಟ್ ನಮ್ಮ ಮನೆಯವರೆಲ್ಲರಿಗೂ ಒಪ್ಪಿಗೆಯಾಗಿದ್ದು, 92 ಲಕ್ಷಕ್ಕೆ ಮಾತು ನಿಂತಿದೆ. ಮಾರುವವರು ಮತ್ತು ಅವರ ತಂದೆ ಸೇರಿ 2013ರಲ್ಲಿ ಬ್ಯಾಂಕ್ ಸಾಲ ಪಡೆದು ಅದನ್ನು ಕೊಂಡಿದ್ದರು. ತಂದೆ 2021ರಲ್ಲಿ ತೀರಿಕೊಂಡಿದ್ದಾರೆ. ಸಾಲದಲ್ಲಿ ಇನ್ನೂ ಸುಮಾರು 38 ಲಕ್ಷ ಬಾಕಿ ಇದೆ, ಮನೆಯಲ್ಲಿ ಸದ್ಯ ಬಾಡಿಗೆದಾರರಿದ್ದಾರೆ.

ಈಗ 2 ಲಕ್ಷ ಟೋಕನ್ ಕೊಟ್ಟು, ವಾರದೊಳಗೆ ಮತ್ತೆ 8 ಲಕ್ಷ ಸೇರಿಸಿ ಕರಾರು ಮಾಡಿಕೊಳ್ಳಬೇಕು, ಮೂರು ತಿಂಗಳಲ್ಲಿ ನೋಂದಣಿ ಎಂದು ಬ್ರೋಕರ್ ಹೇಳುತ್ತಿದ್ದಾರೆ. ಅವರು ಕೊಟ್ಟ ಕರಡಿನಲ್ಲಿ ‘ಸ್ವತ್ತಿನ ಹಕ್ಕು ಸ್ಪಷ್ಟವಾಗಿರುತ್ತದೆ’ ಎಂಬ ಒಂದೇ ಸಾಲಿದೆ. ‘ಖರೀದಿದಾರರು ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು’ ಎಂಬುದು ಮಾತ್ರ ವಿವರವಾಗಿದೆ. ನನಗೆ 65 ಲಕ್ಷ ಗೃಹಸಾಲ ಬೇಕು. ಹಣ ಕೊಡುವ ಮೊದಲು ಯಾವ ಷರತ್ತುಗಳನ್ನು ಬರೆಸಿಕೊಳ್ಳಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಾಸನದವ
ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ ಸರ್. ಮೂವತ್ತು ವರ್ಷದ ಇ.ಸಿ.ಯಲ್ಲಿ ಈ ಬ್ಯಾಂಕ್ ಸಾಲ ಬಿಟ್ಟು ಬೇರೇನೂ ಇಲ್ಲದಿದ್ದರೆ ಹಕ್ಕು ಸ್ಪಷ್ಟವೆಂದೇ ಅರ್ಥ. ಮೇಲಾಗಿ ಒಂದು ಬ್ಯಾಂಕ್ ಆಗಲೇ ಸಾಲ ಕೊಟ್ಟಿದೆ, ಅಂದರೆ ಅವರ ವಕೀಲರು ಎಲ್ಲವನ್ನೂ ನೋಡಿಯೇ ಇರುತ್ತಾರೆ. ಅದಕ್ಕಿಂತ ಹೆಚ್ಚಿನ ಷರತ್ತು ಹಾಕಿದರೆ ಮಾರುವವರು ಬೇರೆ ಗಿರಾಕಿಯನ್ನು ನೋಡಿಕೊಳ್ಳುತ್ತಾರೆ.

ದಸ್ತಾವೇಜು
ಹಾಸನದವರೇ, ಈ ಪ್ರಕರಣದಲ್ಲಿ ನಿಮ್ಮ ಎರಡು ಮಾತೂ ನಿಲ್ಲುವುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳು ಮಾತ್ರ ಇ.ಸಿ.ಯಲ್ಲಿ ಕಾಣುತ್ತವೆ. ಒಬ್ಬರು ತೀರಿಕೊಂಡದ್ದಾಗಲಿ, ಅದರಿಂದ ಯಾರಿಗೆ ಪಾಲು ಬಂತು ಎಂಬುದಾಗಲಿ, ನ್ಯಾಯಾಲಯದಲ್ಲಿ ಪಾಲಿನ ದಾವೆ ನಡೆಯುತ್ತಿದೆಯೇ ಎಂಬುದಾಗಲಿ ಅದರಲ್ಲಿ ಬರುವುದಿಲ್ಲ. ಬ್ಯಾಂಕಿನ ವಕೀಲರು ನೋಡಿದ್ದು 2013ರ ಸ್ಥಿತಿಯನ್ನು. ತಂದೆ ತೀರಿಕೊಂಡದ್ದು ಅದಾಗಿ ಎಂಟು ವರ್ಷಗಳ ನಂತರ.

ಬನಶಂಕರಿಯವರೇ, ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ. ತಂದೆಯವರ ಪತ್ನಿ, ಅಂದರೆ ಮಾರುವವರ ತಾಯಿ, ಇದ್ದಾರೆಯೇ? ಮಾರುವವರಿಗೆ ಅಕ್ಕ ತಂಗಿಯರೋ ಅಣ್ಣ ತಮ್ಮಂದಿರೋ ಇದ್ದಾರೆಯೇ? ತಂದೆಯವರ ತಾಯಿ ಆಗ ಬದುಕಿದ್ದರೇ? ತಂದೆ ಉಯಿಲು ಬರೆದಿದ್ದರೇ? ಇವಕ್ಕೆ ಉತ್ತರ ಸಿಗುವವರೆಗೆ ಟೋಕನ್ ಕೊಡಬೇಡಿ.

ಬನಶಂಕರಿ ವಾಸಿ
ವಿಚಾರಿಸಿದೆ. ತಾಯಿ ಮಗನ ಜೊತೆಯಲ್ಲೇ ಇದ್ದಾರೆ. ಒಬ್ಬ ತಂಗಿ ಮದುವೆಯಾಗಿ ಕೆನಡಾದಲ್ಲಿದ್ದಾರೆ. ಅಜ್ಜಿ ಬಹಳ ಹಿಂದೆಯೇ ತೀರಿಕೊಂಡಿದ್ದಾರೆ. ಉಯಿಲು ಇಲ್ಲವೆಂದು ಹೇಳಿದರು. ಆದರೆ ಇ-ಖಾತಾ ಈಗ ಮಗನೊಬ್ಬನ ಹೆಸರಿನಲ್ಲೇ ಇದೆ, ಹಾಗಾಗಿ ತೊಂದರೆಯಿಲ್ಲ ಎನ್ನುತ್ತಾರೆ.

ದಸ್ತಾವೇಜು
ಖಾತೆ ಇರುವುದು ತೆರಿಗೆ ಕಟ್ಟುವವರು ಯಾರೆಂದು ಪಾಲಿಕೆಗೆ ತಿಳಿಯುವುದಕ್ಕೆ. ಅದರಿಂದ ಒಡೆತನ ಹುಟ್ಟುವುದಿಲ್ಲ. ಇ-ಖಾತಾ ಇಲ್ಲದೆ ಈಗ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ ನಿಜ, ಆದರೆ ಇ-ಖಾತಾ ಇದ್ದಮಾತ್ರಕ್ಕೆ ಪಾಲುದಾರರ ಹಕ್ಕು ಅಳಿಸಿಹೋಗುವುದೂ ಇಲ್ಲ.

ಲೆಕ್ಕ ಹೀಗೆ ಬರುತ್ತದೆ. 2013ರ ಕ್ರಯಪತ್ರದಲ್ಲಿ ಬೇರೆ ಪ್ರಮಾಣ ಬರೆಯದೇ ಇದ್ದು, ಇಬ್ಬರದೂ ಸಮಪಾಲು ಎಂದು ಇಟ್ಟುಕೊಂಡರೆ, ಅರ್ಧ ಮಗನದು. ತಂದೆಯ ಅರ್ಧ ಭಾಗ ತಾಯಿ, ಮಗ, ಮಗಳು ಮೂವರಿಗೂ ಸಮನಾಗಿ ಹೋಗುತ್ತದೆ. ಹಾಗಾಗಿ ಇಡೀ ಫ್ಲ್ಯಾಟಿನಲ್ಲಿ ತಾಯಿಗೆ ಆರನೇ ಒಂದು ಪಾಲು, ತಂಗಿಗೆ ಆರನೇ ಒಂದು ಪಾಲು, ಉಳಿದ ಮೂರನೇ ಎರಡು ಪಾಲು ಮಗನಿಗೆ. ಮಗನೊಬ್ಬನೇ ಸಹಿ ಮಾಡಿಕೊಟ್ಟರೆ ನಿಮಗೆ ಬರುವುದು ಆ ಮೂರನೇ ಎರಡು ಮಾತ್ರ. ತಂಗಿ ಮುಂದೆ ದಾವೆ ಹೂಡಿದರೆ ‘ಹಕ್ಕು ಸ್ಪಷ್ಟವಾಗಿರುತ್ತದೆ’ ಎಂಬ ಆ ಒಂದು ಸಾಲು ನಿಮ್ಮ ಮನೆಯನ್ನು ಉಳಿಸುವುದಿಲ್ಲ.

ಮಲ್ಲಿಗೆ
ಮದುವೆಯಾದ ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದೇ 2005ರ ತಿದ್ದುಪಡಿಯಿಂದ ಅಲ್ಲವೇ? ಈ ತಂಗಿಯ ಮದುವೆ ಅದಕ್ಕೂ ಮೊದಲೇ ಆಗಿದ್ದರೆ ಪಾಲು ಬರುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ.

ದಸ್ತಾವೇಜು
ಮೇಡಂ, 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ಇಲ್ಲಿರುವುದು ತಂದೆ ತಾವೇ ದುಡಿದು ಕೊಂಡದ್ದು. ಸ್ವಯಾರ್ಜಿತ ಆಸ್ತಿಯಲ್ಲಿ ತಂದೆ ಉಯಿಲಿಲ್ಲದೆ ತೀರಿಕೊಂಡರೆ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಇದೆ. ಮದುವೆ ಯಾವ ವರ್ಷ ಆಯಿತು ಎಂಬುದಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ.

ಮಲ್ಲಿಗೆ
ಧನ್ಯವಾದ ಸರ್. ಹಾಗಾದರೆ ನಮ್ಮ ಮನೆಯ ಒಂದು ವಿಷಯವನ್ನೂ ಮತ್ತೆ ಕೇಳಿ ನೋಡಬೇಕು.

ವೈಟ್‌ಫೀಲ್ಡ್ ಓದುಗ
ರೇರಾದಲ್ಲಿ ದೂರು ಕೊಡಬಹುದಲ್ಲ? ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಕೊಡಿಸುತ್ತಾರೆ. ನನ್ನ ಸ್ನೇಹಿತರಿಗೆ ಹಾಗೆ ಆದೇಶ ಸಿಕ್ಕಿದೆ.

ಕಾವೇರಿತೀರ
ಅದು ಬಿಲ್ಡರ್ ವಿರುದ್ಧ ಸರ್. ಇವರು ಕೊಳ್ಳುತ್ತಿರುವುದು ಒಂದು ಕುಟುಂಬದಿಂದ, ಹನ್ನೆರಡು ವರ್ಷ ಹಳೆಯ ಮನೆ. ಇಲ್ಲಿ ದಿನಾಂಕಕ್ಕೆ ಬಲ ಬರಬೇಕಾದರೆ ಕರಾರಿನ ಷರತ್ತಿನಿಂದಲೇ ಬರಬೇಕು.

ಸಾಲವಿಭಾಗ ನಿವೃತ್ತ
ನಾನು ಬಹಳ ವರ್ಷ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದವನು. ದಸ್ತಾವೇಜು ಅವರು ಹೇಳಿದ ವಿಷಯ ಸಾಲದ ಕಡೆಯಿಂದಲೂ ಬಂದು ತಾಗುತ್ತದೆ, ಅದನ್ನು ವಿವರಿಸುತ್ತೇನೆ.

ಮೂಲ ಪತ್ರಗಳು ಈಗ ಮಾರುವವರ ಬ್ಯಾಂಕಿನಲ್ಲಿವೆ. ಸಾಲ ತೀರಿದ 30 ದಿನಗಳೊಳಗೆ ಅವನ್ನು ಹಿಂದಿರುಗಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಆದರೆ ಸಾಲಗಾರರಲ್ಲಿ ಒಬ್ಬರು ತೀರಿಕೊಂಡಿದ್ದರೆ ಪತ್ರಗಳನ್ನು ವಾರಸುದಾರರಿಗೆ ಕೊಡಲು ಪ್ರತಿ ಬ್ಯಾಂಕಿಗೂ ತನ್ನದೇ ಕ್ರಮವಿರುತ್ತದೆ. ತಾಯಿ ಮತ್ತು ತಂಗಿಯ ಒಪ್ಪಿಗೆ ಪತ್ರವನ್ನು ಆಗ ಕೇಳುವ ಸಾಧ್ಯತೆ ಇದೆ. ನಿಮ್ಮ 38 ಲಕ್ಷ ಕಟ್ಟಿಯಾದ ಮೇಲೆ ಇದು ಗೊತ್ತಾದರೆ ಹಣ ಹೋಗಿರುತ್ತದೆ, ಪತ್ರ ಬಂದಿರುವುದಿಲ್ಲ.

ಆದ್ದರಿಂದ ಎರಡು ಕಾಗದಗಳನ್ನು ಕರಾರಿಗೆ ಮೊದಲೇ ತರಿಸಿಕೊಡಬೇಕೆಂದು ಷರತ್ತು ಹಾಕಿ. ಒಂದು, ಬ್ಯಾಂಕ್ ತನ್ನ ಬಳಿ ಇರುವ ಮೂಲ ಪತ್ರಗಳ ಪಟ್ಟಿ. ಇನ್ನೊಂದು, ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಮುಕ್ತಾಯವಾಗುತ್ತದೆ ಎಂಬ ಪತ್ರ. ಪಟ್ಟಿಯಲ್ಲಿ 2013ರ ಮೂಲ ಕ್ರಯಪತ್ರ ಇದೆಯೇ ಎಂದು ಕಣ್ಣಾರೆ ನೋಡಿ. ಮುಕ್ತಾಯದ ನಂತರ ಪತ್ರಗಳನ್ನು ನೇರವಾಗಿ ನಿಮಗೆ ಸಾಲ ಕೊಡುವ ಬ್ಯಾಂಕಿಗೆ ಒಪ್ಪಿಸುವಂತೆ ವಾರಸುದಾರರೆಲ್ಲರೂ ಸಹಿ ಮಾಡಿದ ಒಪ್ಪಿಗೆಯೂ ಇರಲಿ. ಅಡಮಾನವನ್ನು ನೋಂದಣಿ ಮಾಡಿಸಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಇಲ್ಲದಿದ್ದರೆ ನೀವು ಮುಂದೆ ಮಾರುವಾಗ ಇ.ಸಿ.ಯಲ್ಲಿ ಆ ಹಳೆಯ ಸಾಲ ಹಾಗೆಯೇ ಕುಳಿತಿರುತ್ತದೆ.

ಕಾವೇರಿತೀರ
ಇನ್ನೊಂದು ಉಪಾಯ. 10 ಲಕ್ಷ ಮುಂಗಡವನ್ನು ಮಾರುವವರ ಕೈಗೆ ಕೊಡದೆ ಅವರ ಸಾಲದ ಖಾತೆಗೇ ನೇರವಾಗಿ ಕಟ್ಟಿ. ಬಾಕಿ 28 ಲಕ್ಷಕ್ಕೆ ಇಳಿಯುತ್ತದೆ, ಹಣ ಬೇರೆಲ್ಲೂ ಖರ್ಚಾಗುವುದಿಲ್ಲ.

ದೂರದೂರು
ಇದನ್ನು ನಾನು ಒಪ್ಪುವುದಿಲ್ಲ. ವ್ಯವಹಾರ ಮುರಿದುಬಿದ್ದರೆ ಸಾಲಕ್ಕೆ ಜಮೆಯಾದ ಹಣವನ್ನು ಆ ಬ್ಯಾಂಕ್ ನಿಮಗೆ ವಾಪಸು ಕೊಡುವುದಿಲ್ಲ. ಮಾರುವವರು ಬೇರೆ ಕಡೆಯಿಂದ 10 ಲಕ್ಷ ಹೊಂದಿಸಬೇಕು. ಅವರಲ್ಲಿ ಹಣವಿಲ್ಲದೇ ತಾನೆ ಮನೆ ಮಾರುತ್ತಿರುವುದು?

ಸಾಲವಿಭಾಗ ನಿವೃತ್ತ
ಇಬ್ಬರ ಮಾತಿನಲ್ಲೂ ಹುರುಳಿದೆ. ಖರೀದಿದಾರರು ಕೊಟ್ಟ ಮುಂಗಡಕ್ಕೆ ಆ ಸ್ವತ್ತಿನ ಮೇಲೆಯೇ ಹೊಣೆ ಇರುತ್ತದೆ ಎಂದು ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ, ಆದರೆ ಅದನ್ನು ವಸೂಲು ಮಾಡಲು ದಾವೆಯ ದಾರಿ ಹಿಡಿಯಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮುಂಗಡವನ್ನೇ ಸಣ್ಣದು ಮಾಡುವುದು ಇದಕ್ಕಿಂತ ಮೇಲು. ಕರಾರಿನ ದಿನ 3 ಲಕ್ಷ ಕೊಟ್ಟು, ನಿಮ್ಮ ಬ್ಯಾಂಕಿನ ವಕೀಲರ ಅಭಿಪ್ರಾಯ ಅನುಕೂಲವಾಗಿ ಬಂದ ಮೇಲೆ ಉಳಿದ 7 ಲಕ್ಷ ಕೊಡುವುದಾಗಿ ಬರೆಸಿ.

ನೋಂದಣಿಯ ದಿನದ ಲೆಕ್ಕವೂ ಕರಾರಿನಲ್ಲೇ ಇರಲಿ. ಮುಂಗಡ 10 ಲಕ್ಷ ಮಾರುವವರ ಕೈಗೇ ಹೋಗಿದೆ ಎಂದುಕೊಂಡರೆ, ನಿಮ್ಮ 65 ಲಕ್ಷ ಸಾಲದಲ್ಲಿ 38 ಲಕ್ಷದ ಡಿ.ಡಿ. ಅವರ ಬ್ಯಾಂಕಿನ ಹೆಸರಿಗೆ, 27 ಲಕ್ಷ ಮಾರುವವರಿಗೆ. ನಿಮ್ಮ ಸ್ವಂತದ 17 ಲಕ್ಷವೂ ಮಾರುವವರಿಗೆ. ಬೆಲೆ 50 ಲಕ್ಷಕ್ಕಿಂತ ಹೆಚ್ಚಿರುವುದರಿಂದ ಕೊಡುವ ಪ್ರತಿ ಕಂತಿನಲ್ಲೂ ಶೇಕಡಾ 1 ಟಿ.ಡಿ.ಎಸ್. ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಎಲ್ಲ ಮಾರಾಟಗಾರರೂ ಭಾರತದ ನಿವಾಸಿಗಳಾಗಿದ್ದರೆ ಅದು ಒಟ್ಟು 92,000 ರೂಪಾಯಿ.

ದೂರದೂರು
‘ನಿವಾಸಿಗಳಾಗಿದ್ದರೆ’ ಎಂಬ ಆ ಮಾತನ್ನು ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನಾನೂ ವಿದೇಶದಲ್ಲಿರುವವಳು, ತಮ್ಮನ ಜೊತೆ ಮೈಸೂರಿನ ಮನೆ ಮಾರುವಾಗ ಇದನ್ನು ಅನುಭವಿಸಿದ್ದೇನೆ. ಕೆನಡಾದ ತಂಗಿ ತಾವೇ ಮಾರಾಟಗಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಿದರೆ ಅವರ ಆರನೇ ಒಂದು ಪಾಲಿಗೆ, ಅಂದರೆ ಸುಮಾರು 15 ಲಕ್ಷದ 33 ಸಾವಿರಕ್ಕೆ, ಶೇಕಡಾ 1ರ ನಿಯಮ ನಡೆಯುವುದಿಲ್ಲ. ಅನಿವಾಸಿಗಳಿಗೆ ಕಡಿತದ ದರವೂ ಹೆಚ್ಚು, ನಮೂನೆಗಳೂ ಬೇರೆ. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಅದನ್ನು ಅರ್ಜಿ ಹಾಕಿ ತರಬೇಕಾದವರು ಅವರೇ. ಕಡಿತ ತಪ್ಪಿದರೆ ಇಲಾಖೆ ಕೇಳುವುದು ಮಾತ್ರ ಖರೀದಿದಾರರನ್ನು.

ತಂಗಿ ಹಣ ತೆಗೆದುಕೊಳ್ಳದೆ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದು ನೋಂದಣಿ ಮಾಡಿಸಿಕೊಟ್ಟರೆ ನಿಮ್ಮ ಮಟ್ಟಿಗೆ ಈ ತೊಡಕು ಇರುವುದಿಲ್ಲ. ಆದರೆ ಬಿಟ್ಟುಕೊಡಿ ಎಂದು ಒತ್ತಾಯಿಸುವುದು ಖರೀದಿದಾರರ ಕೆಲಸವಲ್ಲ. ತಮ್ಮ ಪಾಲಿನ ಹಣ ಬೇಕೆಂದು ಅವರು ಕೇಳಿದರೆ ಅದು ನ್ಯಾಯವಾದ ಮಾತು.

ದಸ್ತಾವೇಜು
ಸರಿಯಾಗಿ ಹೇಳಿದಿರಿ. ಎರಡರಲ್ಲಿ ಯಾವುದಾದರೂ ಆಗಲಿ, ಅವರು ಬರಲಾಗದಿದ್ದರೆ ಅಧಿಕಾರ ಪತ್ರ ಬೇಕು. ಅದು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ‘ಈ ಫ್ಲ್ಯಾಟಿನಲ್ಲಿ ನನ್ನ ಪಾಲನ್ನು ಮಾರಲು’ ಅಥವಾ ‘ಬಿಡುಗಡೆ ಮಾಡಲು’ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಬ್ಯಾಂಕ್ ವ್ಯವಹಾರಕ್ಕೆಂದು ಹಿಂದೆ ಎಂದೋ ಕೊಟ್ಟ ಸಾಮಾನ್ಯ ಅಧಿಕಾರ ಪತ್ರವನ್ನು ತೋರಿಸಿದರೆ ಒಪ್ಪಬೇಡಿ.

ನಿಮ್ಮ ಷರತ್ತಿನ ಒಕ್ಕಣೆ ಸುಮಾರಾಗಿ ಹೀಗಿರಲಿ: ‘ಮಾರಾಟಗಾರರು ಇಂಥ ದಿನಾಂಕದೊಳಗೆ ತಮ್ಮ ತಾಯಿ ಮತ್ತು ಸಹೋದರಿಯವರನ್ನು ಕ್ರಯಪತ್ರಕ್ಕೆ ಪಕ್ಷಕಾರರನ್ನಾಗಿ ಮಾಡತಕ್ಕದ್ದು ಅಥವಾ ಅವರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಪಡೆದು ಒದಗಿಸತಕ್ಕದ್ದು. ತಪ್ಪಿದಲ್ಲಿ, ಅಥವಾ ಖರೀದಿದಾರರ ವಕೀಲರು ಅಥವಾ ಸಾಲ ನೀಡುವ ಬ್ಯಾಂಕು ಹಕ್ಕಿನ ದೋಷದ ಕಾರಣ ಲಿಖಿತವಾಗಿ ಆಕ್ಷೇಪಿಸಿದಲ್ಲಿ, ಪಡೆದ ಮುಂಗಡವನ್ನು ಹದಿನೈದು ದಿನಗಳೊಳಗೆ ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು.’ ಯಾರು, ಯಾವಾಗ, ಆಗದಿದ್ದರೆ ಹಣದ ಗತಿ ಏನು ಎಂಬ ಮೂರೂ ಅದರಲ್ಲಿರುವುದನ್ನು ಗಮನಿಸಿ. ಬ್ರೋಕರ್ ಕರಡಿನ ಸಾಲಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಮಾರಲು ಹೊರಟವ
ಮಾರುವವರ ಪರವಾಗಿಯೂ ಒಂದು ಮಾತು ಕೇಳಿಸಿಕೊಳ್ಳಿ. ‘ಸಾಲ ಸಿಗದಿದ್ದರೆ ಮುಂಗಡ ವಾಪಸು’ ಎಂದು ಬರೆಸಿಕೊಂಡ ಒಬ್ಬರು ನನ್ನ ಮನೆಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿದ್ದರು. ಕೊನೆಗೆ ಅವರ ಸಂಬಳಕ್ಕೆ ಅಷ್ಟು ಸಾಲ ಬರುವುದಿಲ್ಲವೆಂದು ತಿಳಿಯಿತು. ಅಷ್ಟರಲ್ಲಿ ಕೇಳಿ ಬಂದಿದ್ದ ಇಬ್ಬರು ಬೇರೆ ಮನೆ ನೋಡಿಕೊಂಡಿದ್ದರು. ಅವರ ಆದಾಯದ ಹೊಣೆಯನ್ನು ನಾನೇಕೆ ಹೊರಬೇಕು?

ಸಾಲವಿಭಾಗ ನಿವೃತ್ತ
ನೀವು ಹೊರಬೇಕಾಗಿಲ್ಲ. ಕಾರಣವನ್ನು ಬೇರ್ಪಡಿಸಿ ಬರೆಯುವುದು ಅದಕ್ಕಾಗಿಯೇ. ಹಕ್ಕಿನ ದೋಷ, ಮಂಜೂರಾದ ನಕ್ಷೆಯಿಂದ ವ್ಯತ್ಯಾಸ, ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರವಾದ ಓ.ಸಿ. ಇಲ್ಲದಿರುವುದು, ಇಂಥ ಸ್ವತ್ತಿನ ಕಾರಣಗಳಿಂದ ಸಾಲ ನಿರಾಕರಣೆಯಾದರೆ ಪೂರ್ತಿ ಹಣ ವಾಪಸು. ಖರೀದಿದಾರರ ಆದಾಯ ಅಥವಾ ಹಳೆಯ ಸಾಲದ ಇತಿಹಾಸದ ಕಾರಣವಾದರೆ ಒಪ್ಪಿದ ಒಂದು ಮೊತ್ತ ಮಾರುವವರಿಗೆ. ಬನಶಂಕರಿಯವರು ತಮ್ಮ ಆದಾಯದ ಮೇಲಿನ ಪೂರ್ವ ಮಂಜೂರಾತಿ ಪತ್ರವನ್ನು ಈಗಲೇ ತಂದು ತೋರಿಸಿದರೆ ಮಾರುವವರಿಗೂ ಧೈರ್ಯ ಬರುತ್ತದೆ, ತಮ್ಮ ಷರತ್ತುಗಳಿಗೆ ಒಪ್ಪಿಸುವುದೂ ಸುಲಭವಾಗುತ್ತದೆ. ಸಾಲದ ತೀರ್ಮಾನಕ್ಕೆ 30 ದಿನ, 45 ದಿನ ಎಂದು ಒಂದು ಗಡುವೂ ಇರಲಿ.

ಮಾರಲು ಹೊರಟವ
ಹಾಗಿದ್ದರೆ ಒಪ್ಪಬಹುದು. ಆದರೆ ಆ ‘ಒಪ್ಪಿದ ಮೊತ್ತ’ ಇಡೀ 10 ಲಕ್ಷ ಏಕಾಗಬಾರದು?

ಕಾವೇರಿತೀರ
ಕರಾರು ಕಾಯಿದೆಯ 74ನೇ ಕಲಂ ಪ್ರಕಾರ ಸಮಂಜಸವಾದ ಪರಿಹಾರ ಮಾತ್ರ ಸಲ್ಲುತ್ತದೆ, ಬರೆದದ್ದೆಲ್ಲ ಸಲ್ಲುವುದಿಲ್ಲ.

ದಸ್ತಾವೇಜು
ಅಷ್ಟು ಸರಳವಲ್ಲ. ವ್ಯವಹಾರದ ಖಾತರಿಗೆಂದೇ ಕೊಟ್ಟ ಹಣವೆಂದು ಕರಾರಿನಲ್ಲಿ ಸ್ಪಷ್ಟವಾಗಿದ್ದು, ಖರೀದಿದಾರರೇ ತಪ್ಪಿದ್ದರೆ, ಅದರ ಮುಟ್ಟುಗೋಲನ್ನು ನ್ಯಾಯಾಲಯಗಳು ಎತ್ತಿಹಿಡಿದಿರುವುದೂ ಉಂಟು. ಬೆಲೆಯ ಭಾಗವಾಗಿ ಕೊಟ್ಟ ಮುಂಗಡದ ವಿಷಯ ಬೇರೆ. ಆದ್ದರಿಂದ 10 ಲಕ್ಷದಲ್ಲಿ ಖಾತರಿಯ ಹಣ ಎಷ್ಟು, ಬೆಲೆಯ ಭಾಗ ಎಷ್ಟು ಎಂದು ಒಡೆದು ಬರೆಸಿ. ನನ್ನನ್ನು ಕೇಳಿದರೆ ಖಾತರಿಯ ಹಣ 2 ಲಕ್ಷಕ್ಕಿಂತ ಹೆಚ್ಚು ಬೇಡ.

ಮಾರಲು ಹೊರಟವ
92 ಲಕ್ಷದ ಮನೆಗೆ 2 ಲಕ್ಷ ತೀರಾ ಕಡಿಮೆಯಾಯಿತು ಎಂದೇ ನನ್ನ ಭಾವನೆ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ
ನಮ್ಮ ಸಂಘದಲ್ಲಿ ನೋಡಿದ್ದನ್ನು ಹೇಳುತ್ತೇನೆ. ನಿರ್ವಹಣಾ ಶುಲ್ಕದ ಬಾಕಿಯಿಲ್ಲ ಎಂಬ ಪತ್ರವನ್ನು ಎಲ್ಲರೂ ಕೇಳುತ್ತಾರೆ, ಆದರೆ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಗಿ ಇನ್ನೂ ವಸೂಲಿಯಾಗದ ದೊಡ್ಡ ಖರ್ಚಿನ ಬಗ್ಗೆ ಯಾರೂ ಕೇಳುವುದಿಲ್ಲ. ಲಿಫ್ಟ್ ಬದಲಾವಣೆಗೆಂದು ಪ್ರತಿ ಮನೆಗೂ ವಂತಿಗೆ ಗೊತ್ತುಪಡಿಸಿದ ಮೇಲೆ ಒಬ್ಬರು ಮನೆ ಮಾರಿದರು. ಹೊಸಬರು ಬಂದ ತಿಂಗಳೇ ಅವರ ಹೆಸರಿಗೆ ಬಿಲ್ ಹೋಯಿತು, ಇಬ್ಬರೂ ನಮ್ಮ ಕಚೇರಿಗೆ ಬಂದು ವಾದಕ್ಕೆ ನಿಂತರು. ನೋಂದಣಿಯ ದಿನದವರೆಗೆ ತೀರ್ಮಾನವಾದದ್ದೆಲ್ಲ ಮಾರುವವರದು ಎಂದು ಬರೆಸಿಬಿಡಿ. ಕಾರು ನಿಲ್ಲಿಸುವ ಜಾಗದ ಸಂಖ್ಯೆ 2013ರ ಕ್ರಯಪತ್ರದಲ್ಲಿ ಇದೆಯೇ, ಬರಿಯ ಬಾಯಿಮಾತೇ ಎಂಬುದನ್ನೂ ನೋಡಿ.

ಬನಶಂಕರಿ ವಾಸಿ
ಎಲ್ಲರಿಗೂ ಕೃತಜ್ಞತೆಗಳು. ಬಾಡಿಗೆದಾರರ ವಿಷಯ ಉಳಿದಿದೆ. ನೋಂದಣಿಯಾದ ಒಂದು ತಿಂಗಳಲ್ಲಿ ಖಾಲಿ ಮಾಡಿಸಿಕೊಡುತ್ತೇನೆ, ಬೇಕಿದ್ದರೆ 3 ಲಕ್ಷ ಹಿಡಿದಿಟ್ಟುಕೊಳ್ಳಿ ಎಂದು ಮಾರುವವರು ಹೇಳುತ್ತಿದ್ದಾರೆ. ಇದನ್ನು ಒಪ್ಪಬಹುದೇ?

ಹಾಸನದವ
3 ಲಕ್ಷ ನಿಮ್ಮ ಕೈಯಲ್ಲೇ ಇದ್ದರೆ ಭಯವೇಕೆ? ಒಪ್ಪಿಕೊಳ್ಳಿ.

ದಸ್ತಾವೇಜು
ಬೇಡ. ಪೂರ್ತಿ ಹಣ ಸಂದಿದೆ, ಸ್ವಾಧೀನ ಕೊಟ್ಟಾಗಿದೆ ಎಂದು ಕ್ರಯಪತ್ರದಲ್ಲಿ ಬರೆದು ಸಹಿ ಹಾಕುತ್ತೀರಿ. ಹಾಗೆ ಬರೆದ ಮೇಲೆ 3 ಲಕ್ಷ ಹಿಡಿದಿಟ್ಟಿರುವುದಕ್ಕೂ ಮನೆ ಸಿಗದಿರುವುದಕ್ಕೂ ದಾಖಲೆ ಎಲ್ಲಿರುತ್ತದೆ? ಬಾಡಿಗೆದಾರರು ಹೋಗದಿದ್ದರೆ ಆ ದಿನದಿಂದ ಅವರು ನಿಮ್ಮ ಬಾಡಿಗೆದಾರರು, ಬಿಡಿಸುವ ದಾವೆಯೂ ನಿಮ್ಮದೇ. ಅವರು ಹಿಂದಿನವರಿಗೆ ಕೊಟ್ಟಿದ್ದ ಠೇವಣಿಯನ್ನೂ ನಿಮ್ಮನ್ನೇ ಕೇಳುತ್ತಾರೆ.

ಮನೆ ಖಾಲಿಯಾಗಿ, ಠೇವಣಿ ವಾಪಸಾದ ಬಗ್ಗೆ ಬಾಡಿಗೆದಾರರ ರಸೀದಿ ಬಂದು, ನೋಂದಣಿಯ ಹಿಂದಿನ ದಿನ ನೀವು ಒಳಗೆ ಹೋಗಿ ನೋಡಿದ ಮೇಲೆಯೇ ಕ್ರಯಪತ್ರ ಎಂದು ಷರತ್ತು ಹಾಕಿ. ಉಪನೋಂದಣಿ ಕಚೇರಿಯಲ್ಲಿ ಕೊನೆಯ ಡಿ.ಡಿ. ಕೊಡುವಾಗಲೇ ಎಲ್ಲ ಕೀಲಿಗಳೂ ನಿಮ್ಮ ಕೈಗೆ ಬರಬೇಕು.

ಸಾಲವಿಭಾಗ ನಿವೃತ್ತ
ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಮಾರುವವರೇ ಆ ಮನೆಯಲ್ಲಿದ್ದು, ಹೊಸ ಮನೆ ಸಿಗುವವರೆಗೆ ಹದಿನೈದು ದಿನ ಕೇಳಿದರೆ, ದಿನಕ್ಕೆ ಇಷ್ಟು ಎಂದು ಬೇರೆ ಒಪ್ಪಂದ ಮಾಡಿಕೊಂಡು ಬಿಟ್ಟುಕೊಟ್ಟವರು ಬಹಳ ಜನ, ಹೆಚ್ಚಿನವು ಸುಗಮವಾಗಿಯೇ ಮುಗಿದಿವೆ. ಆದರೆ ಮೂರನೆಯವರು ಒಳಗಿರುವಾಗ ದಸ್ತಾವೇಜು ಅವರ ಮಾತೇ ಸರಿ.

ಕಾವೇರಿತೀರ
ದಿನಾಂಕ ಬರೆಸುವಾಗ ‘ಕಾಲಮಿತಿಯೇ ಈ ಕರಾರಿನ ಸಾರ’ ಎಂಬ ಮಾತನ್ನೂ ಸೇರಿಸಿ. ಸ್ಥಿರಾಸ್ತಿಯ ಕರಾರಿನಲ್ಲಿ ಸಾಮಾನ್ಯವಾಗಿ ಗಡುವು ದಾಟಿದಮಾತ್ರಕ್ಕೆ ಕರಾರು ಮುರಿಯಿತೆಂದು ನ್ಯಾಯಾಲಯ ಭಾವಿಸುವುದಿಲ್ಲ. 1993ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೀಗೆ ಹೇಳಿದೆ. ಸ್ಪಷ್ಟವಾಗಿ ಬರೆದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ದೂರದೂರು
ಆ ಮಾತು ಖರೀದಿದಾರರಿಗೂ ಅಷ್ಟೇ ಬಿಗಿಯಾಗುತ್ತದೆ. ಬ್ಯಾಂಕ್ ಹಣ ಬಿಡುಗಡೆ ಒಂದು ವಾರ ತಡವಾದರೆ ತಪ್ಪಿದವರು ನೀವೇ ಆಗುತ್ತೀರಿ. ಎರಡೂ ಕಡೆಗೆ ಹದಿನೈದು ದಿನದ ಹೆಚ್ಚುವರಿ ಅವಕಾಶ ಇಟ್ಟು ಬರೆಸಿ.

ಮಲ್ಲಿಗೆ
ಕರಾರನ್ನೇ ನೋಂದಣಿ ಮಾಡಿಸುವುದು ಒಳ್ಳೆಯದೇ?

ದಸ್ತಾವೇಜು
ಸ್ವಾಧೀನ ಕೊಡದ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ನೋಂದಣಿಯಾಗದ ಕರಾರಿನ ಮೇಲೂ ಕ್ರಯಪತ್ರ ಮಾಡಿಕೊಡಿ ಎಂದು ದಾವೆ ಹೂಡಬಹುದು. ಆದರೂ ನಾನು ಮಾಡಿಸಿ ಎನ್ನುತ್ತೇನೆ, ಏಕೆಂದರೆ ಆಗ ಇ.ಸಿ.ಯಲ್ಲಿ ಅದು ಕಾಣುತ್ತದೆ, ಇದೇ ಮನೆಯನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟವಾಗುತ್ತದೆ.

ಮಾರಲು ಹೊರಟವ
ವ್ಯವಹಾರ ಮುರಿದರೆ ಅದನ್ನು ರದ್ದುಪಡಿಸಲು ಖರೀದಿದಾರರೂ ಬಂದು ಸಹಿ ಹಾಕಬೇಕು. ಅವರು ಬರದಿದ್ದರೆ ನನ್ನ ಮನೆಯ ಇ.ಸಿ.ಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ನಾನಂತೂ ನೋಂದಣಿಗೆ ಒಪ್ಪುವುದಿಲ್ಲ.

ಬನಶಂಕರಿ ವಾಸಿ
ಇಂದು ಸಂಜೆ ಮಾರುವವರ ಜೊತೆ ಮಾತನಾಡಿದೆ. ತಾಯಿಯವರು ಕರಾರಿಗೇ ಸಹಿ ಹಾಕಲು ಒಪ್ಪಿದ್ದಾರೆ. ಮನೆ ಖಾಲಿಯಾದ ಮೇಲೆಯೇ ನೋಂದಣಿ ಎಂಬುದಕ್ಕೂ ಒಪ್ಪಿಗೆ ಬಂದಿದೆ, ಅದಕ್ಕಾಗಿ ಮೂರು ತಿಂಗಳ ಗಡುವನ್ನು ನಾಲ್ಕಕ್ಕೆ ಏರಿಸಿದ್ದೇವೆ. ಕರಾರಿನ ನೋಂದಣಿ ಬೇಡವೆನ್ನುತ್ತಿದ್ದಾರೆ. ತಂಗಿಯವರು ಪಾಲು ಬಿಟ್ಟುಕೊಡುತ್ತಾರೆಯೋ ಹಣ ಕೇಳುತ್ತಾರೆಯೋ ಅಣ್ಣನಿಗೂ ಗೊತ್ತಿಲ್ಲ, ಈ ವಾರಾಂತ್ಯ ಕೇಳುತ್ತಾರಂತೆ. ಅಲ್ಲಿಯವರೆಗೆ ಟೋಕನ್ ಕೊಡುವುದಿಲ್ಲವೆಂದು ತಿಳಿಸಿದ್ದೇನೆ. ಬ್ರೋಕರ್‌ಗೆ ಬೇಸರವಾಗಿದೆ, ಮಾರುವವರು ಬೇಸರಿಸಿಕೊಂಡಿಲ್ಲ.

ದೂರದೂರು
ಅಣ್ಣನ ಮೂಲಕ ಬರುವ ಮಾತಿಗಿಂತ ತಂಗಿಯವರಿಂದಲೇ ಒಂದು ಇಮೇಲ್ ತರಿಸಿಕೊಳ್ಳಿ. ಅವರು ಪಾಲು ಕೇಳುವುದಾದರೆ ಕಡಿಮೆ ತೆರಿಗೆ ಕಡಿತದ ಅರ್ಜಿಗೆ ಬೇಕಾಗುವ ಸಮಯವನ್ನೂ ಆ ನಾಲ್ಕು ತಿಂಗಳಲ್ಲಿ ಲೆಕ್ಕಕ್ಕೆ ಹಿಡಿಯಿರಿ.